37 ಪುಟದ ಲೇಖನಕ್ಕೆ ಓದುವ ಕೈಪಿಡಿ: ಪ್ರಶ್ನೆ ಎಲ್ಲಿ ಕೇಳಬೇಕು?

ಮಣಿಪಾಲ ಮಳೆ

ಎಲ್ಲರಿಗೂ ನಮಸ್ಕಾರ. ಉಡುಪಿಯ ಒಂದು ಕಾಲೇಜಿನಲ್ಲಿ ಎಂ.ಎ. ಸಮಾಜಶಾಸ್ತ್ರಕ್ಕೆ ಪಾಠ ಮಾಡುತ್ತೇನೆ. ಶುಕ್ರವಾರ ಮಧ್ಯಾಹ್ನ ಎರಡು ಗಂಟೆಯ ಸೆಮಿನಾರ್ ಇದೆ. 16 ವಿದ್ಯಾರ್ಥಿಗಳು. ಅರ್ಧಕ್ಕಿಂತ ಜಾಸ್ತಿ ಮಂದಿ ಪದವಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವರು.

ಈ ಸಲ ಅಮೆರಿಕದ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ ಬಾಲಿ ದ್ವೀಪದ ಕೋಳಿ ಅಂಕದ ಮೇಲೆ 1972ರಲ್ಲಿ ಬರೆದ 'ಡೀಪ್ ಪ್ಲೇ' ಲೇಖನ ಓದಿಸಬೇಕು ಅಂತಿದ್ದೇನೆ. ನಮ್ಮ ಮಕ್ಕಳು ಕೋಳಿ ಅಂಕ ನೋಡಿ ಬೆಳೆದವರು. ಹಾಗಾಗಿ ಇದು ಅವರಿಗೆ ಹತ್ತಿರವಾಗುತ್ತದೆ ಅಂತ ನನ್ನ ಆಸೆ. ಆದರೆ ಲೇಖನ 37 ಪುಟ ಇದೆ. ವಾಕ್ಯಗಳು ಉದ್ದುದ್ದ. ಮಧ್ಯದಲ್ಲಿ ಬಾಜಿಯ ಲೆಕ್ಕಗಳು ಬೇರೆ.

ಕಳೆದ ವರ್ಷ ಬೇರೊಂದು ಲೇಖನಕ್ಕೆ ಕೈಪಿಡಿ ಮಾಡಿದ್ದೆ. ಒಂಬತ್ತು ಪುಟ, ಪ್ರತಿ ಭಾಗದ ಸಾರಾಂಶ, ಕೊನೆಗೆ 34 ಪ್ರಶ್ನೆ. ಮೂರು ರಾತ್ರಿ ಕೂತು ಬರೆದಿದ್ದೆ. ಮಕ್ಕಳು ವಾಟ್ಸಾಪಿನಲ್ಲಿ ತಲಾ ಎರಡು ಪ್ರಶ್ನೆ ಹಂಚಿಕೊಂಡರು. ಎಲ್ಲರ ಉತ್ತರದಲ್ಲೂ ನನ್ನ ಸಾರಾಂಶದ ವಾಕ್ಯಗಳೇ ಇದ್ದವು. ಲೇಖನವನ್ನು ಯಾರೂ ತೆರೆದಿರಲಿಲ್ಲ. ತಪ್ಪು ಅವರದ್ದಲ್ಲ ಅಂತ ಈಗ ಅನ್ನಿಸುತ್ತದೆ. ಓದುವ ಅಗತ್ಯವೇ ಇಲ್ಲದ ಹಾಗೆ ನಾನೇ ಮಾಡಿಟ್ಟಿದ್ದೆ.

ಈ ಸಲ ಹೇಗೆ ಮಾಡಬೇಕು? ಕೈಪಿಡಿಯಲ್ಲಿ ಏನಿರಬೇಕು, ಏನಿರಬಾರದು? ಅನುಭವ ಇದ್ದವರು ದಯವಿಟ್ಟು ಹೇಳಿ.

ಕಾಪು ದೀಪ

ಮೇಡಂ, ನೆಟ್ ಪರೀಕ್ಷೆಗೆ ಗೈಡ್ ಬೇಕಾದರೆ ನನ್ನ ಹತ್ತಿರ ಎರಡು ಇವೆ. ಗೀರ್ಟ್ಸ್ ಬಗ್ಗೆ ಒಂದು ಪುಟದ ನೋಟ್ಸೂ ಇದೆ. ಫೋಟೋ ತೆಗೆದು ಕಳಿಸಲಾ?

ಮಣಿಪಾಲ ಮಳೆ

ಧನ್ಯವಾದ ದೀಪ. ನಾನು ಕೇಳಿದ್ದು ಪರೀಕ್ಷೆಯ ಗೈಡ್ ಅಲ್ಲ. ಮೂಲ ಲೇಖನ ಓದುವಾಗ ಪಕ್ಕದಲ್ಲಿ ಇಟ್ಟುಕೊಳ್ಳುವ ಹಾಳೆ. ಓದುವವರು ದಾರಿ ತಪ್ಪಬಾರದು, ಆದರೆ ನಡೆಯುವುದು ಅವರೇ ಆಗಿರಬೇಕು.

ಸುರತ್ಕಲ್ ಶ್ರೀ

ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಬೇಡ ಮೇಡಂ. ನಾನು ಎಂ.ಟೆಕ್. ಮಕ್ಕಳಿಗೆ ಪಾಠ ಮಾಡುವವನು. ನಮ್ಮ ಕ್ರಮ ಸುಲಭ. ಮೊದಲು ಸಾರಲೇಖ, ಆಮೇಲೆ ಕೊನೆಯ ತೀರ್ಮಾನ, ಆಮೇಲೆ ಚಿತ್ರ ಮತ್ತು ಕೋಷ್ಟಕ. ಮಧ್ಯದ್ದನ್ನು ಅಗತ್ಯ ಬಿದ್ದರೆ ಮಾತ್ರ ಓದುವುದು. ಕೈಪಿಡಿಯನ್ನೂ ಅದೇ ಕ್ರಮದಲ್ಲಿ ಮಾಡಿ. ಬಾಜಿಯ ಲೆಕ್ಕ ಇರುವ ಭಾಗವನ್ನು ಬಿಟ್ಟುಬಿಡಿ. ಸಮಾಜಶಾಸ್ತ್ರದ ಮಕ್ಕಳಿಗೆ ಅದು ಯಾಕೆ?

ಬಂದರು ರಸ್ತೆ

ಶ್ರೀ ಸರ್ ಹೇಳಿದ್ದು ನಮ್ಮ ಕಡೆ ಸರಿಯಾಗಿ ಕೆಲಸ ಮಾಡುತ್ತದೆ. ನಾನು ಮಂಗಳೂರಿನಲ್ಲಿ ಮೀನುಗಾರಿಕೆಯ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನಮ್ಮ ಜರ್ನಲ್ ಕ್ಲಬ್ಬಿನಲ್ಲಿ ಬಂಗುಡೆ ಬೆಳವಣಿಗೆಯ ಒಂದು ಲೇಖನ ಓದಿದೆವು. ನಮ್ಮ ಗೈಡ್ ಅದಕ್ಕೆ ಮೂರೇ ಪ್ರಶ್ನೆ ಕೊಟ್ಟಿದ್ದರು. ಒಂದು ನೆನಪಿದೆ: 'ಮೀನುಗಳು ಯಾವ ತಿಂಗಳಲ್ಲಿ, ಯಾವ ಬಲೆಯಲ್ಲಿ ಸಿಕ್ಕವು? ಸಣ್ಣ ಮೀನು ತಪ್ಪಿಸಿಕೊಳ್ಳುವ ಬಲೆಯಾಗಿದ್ದರೆ ಈ ಗ್ರಾಫ್ ಹೇಗೆ ಬದಲಾಗುತ್ತದೆ?' ಅದೊಂದಕ್ಕೆ ಉತ್ತರ ಹುಡುಕುವಾಗ ವಿಧಾನದ ಭಾಗ ಪೂರ್ತಿ ಓದಿಯೇ ಹೋಗಿತ್ತು. ಆದರೆ ನಿಮ್ಮ ಲೇಖನದಲ್ಲಿ ವಿಧಾನ ಅಂತ ಬೇರೆ ಭಾಗ ಇದೆಯಾ ಅಕ್ಕ?

ಕೊಣಾಜೆ ಹಳಬ

ನಾನು ನಿವೃತ್ತ. ಈ ಲೇಖನವನ್ನು ಹಲವು ತಂಡಗಳಿಗೆ ಓದಿಸಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಶ್ರೀಯವರ ಕ್ರಮ ವಿಜ್ಞಾನದ ಲೇಖನಕ್ಕೆ ಹೊಂದುತ್ತದೆ. ಇಲ್ಲಿ ಹೊಂದುವುದಿಲ್ಲ. ಇದು ಶುರುವಾಗುವುದೇ ಒಂದು ಕಥೆಯಿಂದ. 1958ರ ಏಪ್ರಿಲ್‌ನಲ್ಲಿ ಗೀರ್ಟ್ಸ್ ದಂಪತಿ ಬಾಲಿಯ ಹಳ್ಳಿಗೆ ಬರುತ್ತಾರೆ. ಯಾರೂ ಅವರನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಸುಮಾರು ಹತ್ತು ದಿನದ ಮೇಲೆ ಶಾಲೆಗೆ ಹಣ ಕೂಡಿಸಲು ಕೋಳಿ ಅಂಕ ನಡೆಯುತ್ತದೆ. ಅದು ಅಲ್ಲಿ ಕಾನೂನಿಗೆ ವಿರುದ್ಧ. ಪೊಲೀಸರು ಲಾರಿಯಲ್ಲಿ ಬರುತ್ತಾರೆ, ಊರೆಲ್ಲ ಓಡುತ್ತದೆ, ಇವರೂ ಓಡುತ್ತಾರೆ. ಮರುದಿನ ಊರು ಇವರನ್ನು ಒಳಗೆ ಸೇರಿಸಿಕೊಂಡಿರುತ್ತದೆ. ಮುಖ್ಯ ವಾದ ಸಿಗುವುದು ಎಷ್ಟೋ ಪುಟ ಕಳೆದ ಮೇಲೆ. ಕೊನೆಯ ಭಾಗವನ್ನು ಮೊದಲೇ ಓದಿಸಿದರೆ 'ಸಂಸ್ಕೃತಿ ಒಂದು ಪಠ್ಯ' ಎಂಬ ಮಾತು ಮಕ್ಕಳಿಗೆ ಬಾಯಿಪಾಠವಾಗುತ್ತದೆ. ಆ ಮಾತಿಗೆ ಗೀರ್ಟ್ಸ್ ಹೇಗೆ ಬಂದರು ಅನ್ನುವುದು ಗೊತ್ತಾಗುವುದೇ ಇಲ್ಲ.

ಈಗ ಕೈಪಿಡಿಯ ವಿಷಯ. ನಾನು ಮೊದಲು ಒಂದೇ ವಾಕ್ಯ ಬರೆದುಕೊಳ್ಳುತ್ತೇನೆ: ಎರಡು ಗಂಟೆ ಮುಗಿದ ಮೇಲೆ ವಿದ್ಯಾರ್ಥಿ ಏನನ್ನು ವಾದಿಸಬಲ್ಲವನಾಗಿರಬೇಕು? ಈ ಲೇಖನಕ್ಕೆ ನನ್ನ ವಾಕ್ಯ ಹೀಗಿತ್ತು: 'ಜನ ಹಣಕ್ಕಾಗಿ ಮಾತ್ರ ಬಾಜಿ ಕಟ್ಟುವುದಿಲ್ಲ ಎಂದು ಗೀರ್ಟ್ಸ್ ಯಾವ ಆಧಾರದ ಮೇಲೆ ಹೇಳುತ್ತಾರೆ, ಆ ಆಧಾರ ಸಾಕಾ?' ಈ ವಾಕ್ಯ ಸಿಕ್ಕರೆ ಏನು ಬಿಡಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಆಮೇಲೆ ಲೇಖನವನ್ನು ಪೆನ್ಸಿಲ್ ಹಿಡಿದು ಓದಿ. ವಾದ ಎಲ್ಲಿ ತಿರುಗುತ್ತದೆ ನೋಡಿ. ಇದರಲ್ಲಿ ಏಳು ಭಾಗಗಳಿವೆ, ಆದರೆ ದೊಡ್ಡ ತಿರುವು ನಾಲ್ಕೇ. ದಾಳಿಯ ಕಥೆ ಮುಗಿಯುವಲ್ಲಿ ಒಂದು. ಕೋಳಿ ಮತ್ತು ಗಂಡಸರ ನಂಟಿನಿಂದ ಬಾಜಿಗೆ ಹೊರಳುವಲ್ಲಿ ಒಂದು. ಇಂಗ್ಲಿಷ್ ತತ್ವಜ್ಞಾನಿ ಬೆಂಥಮ್ ಬರುವಲ್ಲಿ ಒಂದು. ಹಣ ಬಿಟ್ಟು ಮಾನದ ಮಾತು ಎತ್ತುವಲ್ಲಿ ಒಂದು. ಪ್ರಶ್ನೆಯನ್ನು ತಿರುವಿನ ಸ್ವಲ್ಪ ಮುಂಚೆ ಕೇಳಿ. ದಾಟಿದ ಮೇಲೆ ಕೇಳಿದರೆ ಅದು ನೆನಪಿನ ಪರೀಕ್ಷೆ ಅಷ್ಟೇ.

ಪ್ರಶ್ನೆ ಸರಿ ಇದೆಯಾ ಅಂತ ನೋಡಲು ಒಂದು ದಾರಿ ಇದೆ. ಲೇಖನ ಓದದ ಒಬ್ಬರಿಗೆ ನಿಮ್ಮ ಹಾಳೆ ಕೊಡಿ. ಅವರು ಉತ್ತರ ಬರೆಯಲು ಸಾಧ್ಯವಾದ ಪ್ರಶ್ನೆಗಳನ್ನೆಲ್ಲ ಹೊಡೆದುಹಾಕಿ. ನಿಮ್ಮ 34ರಲ್ಲಿ ಎಷ್ಟು ಉಳಿಯುತ್ತಿತ್ತು ನೋಡಿ.

ಬಾಜಿಯ ಭಾಗ ಬಿಡಬೇಡಿ. ಅದು ಬಿದ್ದರೆ ಇಡೀ ಲೇಖನ ಬಿದ್ದ ಹಾಗೆ. ಯಾಕೆ ಅಂತ ನಾಳೆ ಬರೆಯುತ್ತೇನೆ.

ಮಣಿಪಾಲ ಮಳೆ

ಸರ್, ನಿನ್ನೆ ರಾತ್ರಿಯೇ ಆ ಪರೀಕ್ಷೆ ಮಾಡಿದೆ. ನನ್ನ ತಮ್ಮ ಬ್ಯಾಂಕಿನಲ್ಲಿ ಕೆಲಸ ಮಾಡುವವನು, ಲೇಖನ ಓದಿಲ್ಲ. ಈ ಸಲದ ಕರಡಿನಲ್ಲಿ 12 ಪ್ರಶ್ನೆ ಇತ್ತು. ಏಳಕ್ಕೆ ಅವನೇ ಉತ್ತರ ಹೇಳಿದ. 'ಬಾಲಿಯ ಸಮಾಜದಲ್ಲಿ ಕೋಳಿ ಅಂಕದ ಮಹತ್ವ ವಿವರಿಸಿ' ಅನ್ನುವುದಕ್ಕೆ ಎರಡು ನಿಮಿಷ ನಿಲ್ಲಿಸದೆ ಮಾತಾಡಿದ! 'ವಿವರಿಸಿ' ಅಂತ ಮುಗಿದ ಎಲ್ಲವೂ ಹೋದವು. ಐದು ಉಳಿದಿವೆ.

ಇನ್ನೊಂದು ತೊಂದರೆ ಕಣ್ಣಿಗೆ ಬಿತ್ತು. ನನ್ನ ಹತ್ತಿರ ಇರುವುದು 'ಡೇಡಲಸ್' ಪತ್ರಿಕೆಯ ಪ್ರತಿ, 1ರಿಂದ 37ನೇ ಪುಟ. ಲೈಬ್ರರಿಯಲ್ಲಿ ಇರುವುದು 1973ರ ಪುಸ್ತಕ, ಅದರಲ್ಲಿ ಇದೇ ಲೇಖನ 412ರಿಂದ 453. ಪುಟದ ಸಂಖ್ಯೆ ಹಾಕಿದ್ದರೆ ಅರ್ಧ ಮಂದಿ ತಪ್ಪು ಜಾಗದಲ್ಲಿ ಹುಡುಕುತ್ತಿದ್ದರು. ಈಗ ಭಾಗದ ಹೆಸರು, ಆ ಭಾಗದ ಎಷ್ಟನೇ ಪ್ಯಾರಾ ಅಂತ ಹಾಕುತ್ತಿದ್ದೇನೆ.

ಕೊಣಾಜೆ ಹಳಬ

ಒಳ್ಳೆಯದು ಮಾಡಿದಿರಿ. ಈಗ ಬಾಜಿ.

ಬಾಲಿಯಲ್ಲಿ ಎರಡು ಬಗೆ. ಕಣದ ಮಧ್ಯದ ಬಾಜಿ ದೊಡ್ಡದು, ಯಾವಾಗಲೂ ಸಮ ಸಮ. ಸುತ್ತ ನಿಂತವರ ಬಾಜಿ ಸಣ್ಣದು, ಕೂಗಿ ಕೂಗಿ ಕಟ್ಟುವುದು, ಅದು ಸಮ ಇರುವುದಿಲ್ಲ. ದುರ್ಬಲ ಕೋಳಿಯ ಕಡೆಯವನು 'ಐದು' ಅಂತ ಕೂಗಿದರೆ, ನಾನು ನಾಲ್ಕು ಇಡುತ್ತೇನೆ, ಗೆದ್ದರೆ ನನಗೆ ಐದು ಕೊಡಬೇಕು ಅಂತ ಅರ್ಥ. ಹತ್ತಕ್ಕೆ ಒಂಬತ್ತರಿಂದ ಹಿಡಿದು ಎರಡಕ್ಕೆ ಒಂದರವರೆಗೆ ಹೋಗುತ್ತದೆ.

ಗೀರ್ಟ್ಸ್ ಕಂಡದ್ದು ಇದು: ಮಧ್ಯದ ಬಾಜಿ ದೊಡ್ಡದಾದಷ್ಟೂ ಸುತ್ತಲಿನ ಬಾಜಿ ಸಮದ ಕಡೆಗೆ ಸರಿಯುತ್ತದೆ. ಯಾಕೆಂದರೆ ಹೆಚ್ಚು ಹಣ ಇಟ್ಟಲ್ಲಿ ಎರಡೂ ಕೋಳಿ ಸರಿಸಾಟಿ ಇರುವ ಹಾಗೆ ಜೋಡಿ ಮಾಡುತ್ತಾರೆ. ಆಗ ಯಾರು ಗೆಲ್ಲುತ್ತಾರೆ ಅಂತ ಹೇಳಲಿಕ್ಕೇ ಆಗುವುದಿಲ್ಲ. ಅಂದರೆ ಲಾಭದ ಲೆಕ್ಕಕ್ಕೆ ಅತಿ ಕೆಟ್ಟ ಅಂಕದಲ್ಲೇ ಜನ ಅತಿ ಹೆಚ್ಚು ಹಣ ಇಡುತ್ತಾರೆ. ಬೆಂಥಮ್ ಪ್ರಕಾರ ಇಂಥ ಆಟ ಬುದ್ಧಿ ಇರುವವರು ಆಡುವಂಥದ್ದಲ್ಲ. ಕಳೆದುಕೊಳ್ಳುವ ರೂಪಾಯಿಯ ನೋವು, ಗೆಲ್ಲುವ ರೂಪಾಯಿಯ ಸುಖಕ್ಕಿಂತ ದೊಡ್ಡದು. ಆದರೂ ಆಡುತ್ತಾರೆ. ಯಾಕೆ? ಈ 'ಯಾಕೆ' ಹುಟ್ಟುವುದೇ ಬಾಜಿಯ ಲೆಕ್ಕದಿಂದ. ಅದನ್ನು ಬಿಟ್ಟರೆ ಮುಂದಿನದು ಉತ್ತರ ಮಾತ್ರ, ಪ್ರಶ್ನೆಯೇ ಇರುವುದಿಲ್ಲ.

ಲೆಕ್ಕವನ್ನು ನಾನು ಮೇಲೆ ಬರೆದ ಹಾಗೆ ಮೂರು ನಾಲ್ಕು ಸಾಲಿನಲ್ಲಿ ಕೈಪಿಡಿಯಲ್ಲೇ ಕೊಟ್ಟುಬಿಡಿ. ಅದು ಸಾರಾಂಶ ಅಲ್ಲ, ಏಣಿ. ವಾದವನ್ನು ಮಾತ್ರ ಕೊಡಬೇಡಿ.

ಸುರತ್ಕಲ್ ಶ್ರೀ

ಇದು ಗೊತ್ತಿರಲಿಲ್ಲ ಸರ್. ಬಾಜಿಯ ಭಾಗ ಬಿಡಿ ಅಂದದ್ದು ನನ್ನ ತಪ್ಪು. ನಮ್ಮಲ್ಲಿ ಕೋಷ್ಟಕ ಬಿಟ್ಟು ತೀರ್ಮಾನ ಓದಿದ ಹಾಗೆಯೇ ಆಯಿತು. ಆದರೂ ಒಂದು ಕೇಳುತ್ತೇನೆ. ಅಂಕಿ ಇದೆಯಲ್ಲ, ಮಕ್ಕಳಿಂದ ಲೆಕ್ಕ ಮಾಡಿಸಬಹುದಲ್ವಾ? ಕೈಯಿಂದ ಲೆಕ್ಕ ಮಾಡಿದ್ದು ಮರೆತುಹೋಗುವುದಿಲ್ಲ.

ಮಣಿಪಾಲ ಮಳೆ

ಶ್ರೀ ಸರ್, ನಿಮ್ಮ ಮಾತಿನಿಂದ ಒಂದು ಪ್ರಶ್ನೆ ಹುಟ್ಟಿತು. ಲೇಖನದಲ್ಲಿ 57 ಕೋಳಿ ಅಂಕಗಳ ಲೆಕ್ಕ ಇದೆ. ಮಧ್ಯದ ಬಾಜಿ 15 ರಿಂಗಿಟ್‌ನಿಂದ 500ರವರೆಗೆ, ಸರಾಸರಿ 85. ಕೂಲಿಯವನ ದಿನದ ಸಂಬಳ ಸುಮಾರು ಮೂರು ರಿಂಗಿಟ್ ಅಂತಲೂ ಇದೆ. ಹೀಗೆ ಬರೆದೆ:

'ಸರಾಸರಿ ಮಧ್ಯದ ಬಾಜಿ ಎಷ್ಟು ದಿನದ ಕೂಲಿಗೆ ಸಮ? ಸೋತವನ ಮನೆಯ ಸ್ಥಿತಿ ಏನಾಗಿರಬಹುದು?'

28 ದಿನ ಬರುತ್ತದೆ. ಒಂದು ತಿಂಗಳ ಕೂಲಿ. ಮಕ್ಕಳು ಬೆಚ್ಚಿಬೀಳುತ್ತಾರೆ ಅಂತ ಖುಷಿಯಾಯಿತು.

ಕೊಣಾಜೆ ಹಳಬ

ಮೇಡಂ, ಲೆಕ್ಕ ಸರಿ. ಎರಡನೇ ವಾಕ್ಯ ತಪ್ಪು ದಾರಿಗೆ ಒಯ್ಯುತ್ತದೆ. ಮಧ್ಯದ ಬಾಜಿ ಒಬ್ಬನ ಹಣ ಅಲ್ಲ. ಕೋಳಿಯ ಯಜಮಾನನ ಸುತ್ತ ಸೇರಿದ ನಂಟರು, ಊರವರು ಒಟ್ಟಿಗೆ ಹಾಕುವುದು. ಸೋತರೆ ಒಂದು ಮನೆ ಮುಳುಗುವುದಿಲ್ಲ. ಲೇಖನದಲ್ಲೇ ಅದು ಇದೆ, ಆದರೆ ನಿಮ್ಮ ಪ್ರಶ್ನೆ ಓದಿದವರು ಅದನ್ನು ಹುಡುಕುವುದಿಲ್ಲ. ಪ್ರಶ್ನೆಯೊಳಗೇ ಉತ್ತರ ಕೂತಿದೆ.

ಮಣಿಪಾಲ ಮಳೆ

ನಾನೇ ಆ ಪ್ಯಾರಾ ಎರಡು ಸಲ ಓದಿದ್ದೆ. ಆದರೂ ಬರೆಯುವಾಗ ತಪ್ಪಿಹೋಯಿತು. ಈಗ ಹೀಗೆ ಬದಲಿಸಿದ್ದೇನೆ:

'ಸರಾಸರಿ ಮಧ್ಯದ ಬಾಜಿ ಎಷ್ಟು ದಿನದ ಕೂಲಿಗೆ ಸಮ? ಈ ಹಣ ಯಾರ ಯಾರ ಕೈಯಿಂದ ಬಂತು, ಬಾಜಿಯ ಭಾಗದಲ್ಲಿ ಹುಡುಕಿ. ಅದು ಗೊತ್ತಾದ ಮೇಲೆ, ಸೋಲು ಯಾರ ಸೋಲು?'

ಕೊಣಾಜೆ ಹಳಬ

ಇದು ಪ್ರಶ್ನೆ. 'ಸೋಲು ಯಾರ ಸೋಲು' ಅನ್ನುವುದು ಅವರನ್ನು ನೇರ ನಾಲ್ಕನೇ ತಿರುವಿಗೆ ತಂದು ನಿಲ್ಲಿಸುತ್ತದೆ.

ಬಂದರು ರಸ್ತೆ

ನಮ್ಮ ಮನೆ ಹತ್ತಿರ ಕೋಳಿ ಅಂಕಕ್ಕೆ ಅಜ್ಜ ಹೋಗುತ್ತಿದ್ದರು. ನೆಂಟರ ಕೋಳಿಯ ಎದುರು ಬಾಜಿ ಕಟ್ಟಿದರೆ ಮದುವೆಗೆ ಕರೆಯುವುದೂ ನಿಂತುಹೋಗುತ್ತದೆ ಅನ್ನುತ್ತಿದ್ದರು. ಬಾಲಿಯಲ್ಲೂ ಹಾಗೆಯಾ?

ಕೊಣಾಜೆ ಹಳಬ

ಹಾಗೆಯೇ. ಗೀರ್ಟ್ಸ್ ಅಲ್ಲಿ 17 ಅಂಶಗಳ ಪಟ್ಟಿ ಕೊಡುತ್ತಾರೆ, ಮೊದಲನೆಯದೇ ಅದು. ತನ್ನ ಕುಟುಂಬದವರ ಕೋಳಿಯ ಎದುರು ಯಾರೂ ಕಟ್ಟುವುದಿಲ್ಲ. ಅದು ಸೋಲುತ್ತದೆ ಅಂತ ಖಾತ್ರಿ ಇದ್ದರೆ, ಅದೂ ದೂರದ ನೆಂಟನ ಕೋಳಿಯಾದರೆ, ಕಟ್ಟದೆ ಸುಮ್ನೆ ಇರಬಹುದು ಅಷ್ಟೇ.

ಮೇಡಂ, ಈ ಪಟ್ಟಿಗೆ 17 ಪ್ರಶ್ನೆ ಬೇಡ. ಒಂದೇ ಸಾಕು: 'ಪಟ್ಟಿಯಿಂದ ಒಂದು ಅಂಶ ಆರಿಸಿ. ಹಣವೊಂದೇ ಗುರಿಯಾಗಿರುವ ಮನುಷ್ಯ ಹೀಗೆ ಮಾಡುತ್ತಾನಾ? ಪಟ್ಟಿಯಲ್ಲಿ ಹಣದ ಲೆಕ್ಕದಿಂದಲೂ ವಿವರಿಸಬಹುದಾದ ಅಂಶ ಯಾವುದಾದರೂ ಇದೆಯಾ?' ಎರಡನೇ ಅರ್ಧ ಮುಖ್ಯ. ಅದರಿಂದ ಮಕ್ಕಳು ಲೇಖಕನ ಪರ ಸಾಕ್ಷಿ ಹುಡುಕುವುದು ಬಿಟ್ಟು ಸಾಕ್ಷಿಯನ್ನೇ ತೂಗಿ ನೋಡುತ್ತಾರೆ.

ಹೆಬ್ರಿ ಹೆಣ್ಮಗಳು

ನಾನು ಎಂ.ಎ. ಮಾಡುವಾಗ ಇದೇ ಲೇಖನ ಓದಿದ್ದೆ. ನಮಗೆ ಮೊದಲ ಪ್ರಶ್ನೆಯೇ 'ತುಳುನಾಡಿನ ಕೋಳಿ ಅಂಕದ ಜೊತೆ ಹೋಲಿಸಿ' ಅಂತ ಇತ್ತು. ಎರಡು ಗಂಟೆ ಊರಿನ ಕಥೆಯೇ ಆಯಿತು. ಯಾರ ಕೋಳಿ, ಎಂಥ ಕತ್ತಿ, ಪೊಲೀಸರು ಬಂದಾಗ ಯಾರು ಗದ್ದೆಗೆ ಹಾರಿದರು, ಇದೇ. ಮಾತಾಡಿದವರೆಲ್ಲ ಹುಡುಗರು. ನಾವು ಹುಡುಗಿಯರು ಅಂಕದ ಹತ್ತಿರ ಹೋದವರೇ ಅಲ್ಲ. ಸುಮ್ಮನೆ ಕೂತಿದ್ದೆವು.

ಆಮೇಲೆ ನಾನೊಬ್ಬಳೇ ಮತ್ತೆ ಓದಿದಾಗ ಗೊತ್ತಾಯಿತು, ಬಾಲಿಯಲ್ಲೂ ಹೆಂಗಸರಿಗೆ ಅಲ್ಲಿ ಜಾಗ ಇಲ್ಲ. ಕೋಳಿ ಅಂಕ ಎಂದರೆ ಬಾಲಿಯವರು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವ ಕಥೆ ಅಂತ ಗೀರ್ಟ್ಸ್ ಹೇಳುತ್ತಾರೆ. ಹಾಗಾದರೆ ಆ ಕಥೆ ಕೇಳುವವರಲ್ಲಿ ಅರ್ಧ ಊರು ಇಲ್ಲವಲ್ಲ? ಈ ಪ್ರಶ್ನೆಯನ್ನು ಕೈಪಿಡಿಯಲ್ಲಿ ಹಾಕಿ ಮೇಡಂ. ಆ ದಿನ ಯಾರಾದರೂ ಇದನ್ನು ಕೇಳಿದ್ದರೆ ನಾನೂ ಮಾತಾಡುತ್ತಿದ್ದೆ.

ಮಣಿಪಾಲ ಮಳೆ

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ ಕರಡಿನಲ್ಲೂ ತುಳುನಾಡಿನ ಹೋಲಿಕೆಯೇ ಮೊದಲ ಪ್ರಶ್ನೆ. ನನ್ನ 16ರಲ್ಲಿ 11 ಹುಡುಗಿಯರು. ಹೋಲಿಕೆಯನ್ನು ಕೊನೆಗೆ ತಳ್ಳುತ್ತೇನೆ. ನಿಮ್ಮ ಪ್ರಶ್ನೆಯನ್ನು ಕೊನೆಯ ಭಾಗದ ಎದುರು ಹಾಕುತ್ತೇನೆ.

ಕೊಣಾಜೆ ಹಳಬ

ಹೆಬ್ರಿಯವರು ಹೇಳಿದ ಕೊರತೆ ನನ್ನ ಕೈಪಿಡಿಯಲ್ಲೂ ಹಲವು ವರ್ಷ ಇತ್ತು. ವಿಲಿಯಂ ರೋಸ್‌ಬೆರಿ 1982ರಲ್ಲಿ ಇದೇ ಲೇಖನವನ್ನು ಟೀಕಿಸುವಾಗ ಹೆಂಗಸರ ವಿಷಯವನ್ನೂ, ಇತಿಹಾಸದ ವಿಷಯವನ್ನೂ ಎತ್ತಿದ್ದಾರೆ.

ಇನ್ನೊಂದು ಜಾಗ ತೋರಿಸುತ್ತೇನೆ. ಕೊನೆಯ ಭಾಗದಲ್ಲಿ ಒಂದು ಅಡಿಟಿಪ್ಪಣಿ ಇದೆ. 1965ರ ಡಿಸೆಂಬರಿನ ಎರಡು ವಾರಗಳಲ್ಲಿ ಬಾಲಿಯಲ್ಲಿ 40ರಿಂದ 80 ಸಾವಿರ ಜನ ಕೊಲೆಯಾದರು, ಹೆಚ್ಚಾಗಿ ಒಬ್ಬರಿಂದೊಬ್ಬರು ಅಂತ ಗೀರ್ಟ್ಸ್ ಬರೆಯುತ್ತಾರೆ. ಸಣ್ಣ ಅಕ್ಷರ. ಹೆಚ್ಚಿನವರು ಹಾರಿಸಿ ಹೋಗುತ್ತಾರೆ. ಕೈಪಿಡಿ ಬೆರಳು ತೋರಿಸಬೇಕಾದ್ದು ಇಂಥ ಕಡೆ. ನಾನು ಕೇಳುತ್ತಿದ್ದದ್ದು: 'ಈ ಮಾತು ಅಡಿಟಿಪ್ಪಣಿಯಲ್ಲಿ ಯಾಕೆ ಇದೆ? ಮೇಲೆ, ಲೇಖನದ ಒಳಗೆ ತಂದರೆ ವಾದ ಗಟ್ಟಿಯಾಗುತ್ತದಾ, ಒಡೆಯುತ್ತದಾ?'

ಟೀಕೆಗಳನ್ನು ಮಾತ್ರ ಮೊದಲೇ ಕೊಡಬೇಡಿ. ಮೂಲವನ್ನು ಓದುವ ಮೊದಲೇ ಅದನ್ನು ಬೀಳಿಸುವುದು ಹೇಗೆ ಅಂತ ಕಲಿತವರು ಮೂಲವನ್ನು ಓದುವುದಿಲ್ಲ.

ಹೆಬ್ರಿ ಹೆಣ್ಮಗಳು

ಸರ್, ಇದನ್ನು ನಾನು ಒಪ್ಪುವುದಿಲ್ಲ. ಗೀರ್ಟ್ಸ್ ಅಷ್ಟು ಚೆನ್ನಾಗಿ ಬರೆಯುತ್ತಾರೆ, ಮೊದಲ ಓದಿಗೆ ಎದುರು ಮಾತು ಹೊಳೆಯುವುದೇ ಇಲ್ಲ. ಟೀಕೆಯ ಒಂದು ಪ್ಯಾರಾ ಆದರೂ ಜೊತೆಗೆ ಇದ್ದರೆ, ಎದುರು ಮಾತಾಡಬಹುದು ಅನ್ನುವ ಧೈರ್ಯ ಬರುತ್ತದೆ. ನನಗೆ ಆ ಧೈರ್ಯ ಬರಲು ಎರಡು ವರ್ಷ ಬೇಕಾಯಿತು.

ಕೊಣಾಜೆ ಹಳಬ

ನಿಮ್ಮ ಅನುಭವವನ್ನು ಅಲ್ಲಗಳೆಯಲಾರೆ. ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ.

ಬಂದರು ರಸ್ತೆ

ಅಕ್ಕ, ಪ್ರಶ್ನೆಗಳು ಕನ್ನಡದಲ್ಲಾ, ಇಂಗ್ಲಿಷಿನಲ್ಲಾ? ಮತ್ತೆ 37 ಪುಟಕ್ಕೆ ಅವರಿಗೆ ಎಷ್ಟು ಹೊತ್ತು ಬೇಕು ಅಂತ ಹೇಗೆ ತಿಳಿಯುವುದು?

ಮಣಿಪಾಲ ಮಳೆ

ಹೊತ್ತು ಅಳೆದು ನೋಡಿದೆ. ತರಗತಿಯಲ್ಲಿ ಮೂರು ಪುಟ ಕೊಟ್ಟು ಗಡಿಯಾರ ಇಟ್ಟೆ. ಹೆಚ್ಚಿನವರಿಗೆ ಸುಮಾರು 20 ನಿಮಿಷ ಹಿಡಿಯಿತು. ಅಂದರೆ ಪೂರ್ತಿ ಲೇಖನಕ್ಕೆ ನಾಲ್ಕು ಗಂಟೆ. ಒಂದೇ ಸಲ ಆಗುವುದಿಲ್ಲ. ಬೆಂಥಮ್ ಬರುವ ಮೊದಲು ನಿಲ್ಲಿಸಿ, ಎರಡು ದಿನಕ್ಕೆ ಹಂಚಿದ್ದೇನೆ.

ಪ್ರಶ್ನೆ ಕನ್ನಡದಲ್ಲಿ. ಉತ್ತರವೂ ಕನ್ನಡದಲ್ಲಿ. ಆದರೆ ಪ್ರತಿ ಉತ್ತರದ ಜೊತೆ ಲೇಖನದ ಒಂದು ಇಂಗ್ಲಿಷ್ ವಾಕ್ಯವನ್ನು ಹಾಗೆಯೇ ಬರೆಯಬೇಕು. ಆ ವಾಕ್ಯ ಎಲ್ಲಿಂದ ಬಂತು ಅಂತ ಭಾಗದ ಹೆಸರೂ ಬೇಕು.

ಮಣಿಪಾಲ ಮಳೆ

ಶುಕ್ರವಾರ ಸೆಮಿನಾರ್ ಆಯಿತು. ಹೇಗಾಯಿತು ಅಂತ ಹೇಳದಿದ್ದರೆ ನಿಮಗೆಲ್ಲ ಅನ್ಯಾಯ.

ಕೈಪಿಡಿ ಎರಡೇ ಪುಟ ಆಗಿತ್ತು. ಆರು ಪ್ರಶ್ನೆ, ಬಾಜಿಯ ಲೆಕ್ಕದ ನಾಲ್ಕು ಸಾಲು, ಬೆಂಥಮ್ ಯಾರು ಅಂತ ಒಂದು ಸಾಲು. ಸಾರಾಂಶ ಇರಲಿಲ್ಲ. 16ರಲ್ಲಿ 13 ಮಂದಿ ಪೂರ್ತಿ ಓದಿ ಬಂದಿದ್ದರು. ಅವರು ಬರೆದು ತಂದ ಇಂಗ್ಲಿಷ್ ವಾಕ್ಯಗಳು ಬೇರೆ ಬೇರೆ ಇದ್ದವು, ಅದರಿಂದಲೇ ಗೊತ್ತಾಯಿತು. ಮೂವರದ್ದು ಒಂದೇ ವಾಕ್ಯ, ಅಕ್ಷರ ತಪ್ಪೂ ಒಂದೇ.

'ಸೋಲು ಯಾರ ಸೋಲು' ಪ್ರಶ್ನೆಗೆ 40 ನಿಮಿಷ ಹೋಯಿತು. ಒಬ್ಬಳು ಎದ್ದು, ಸೋತರೂ ಗೆದ್ದರೂ ಯಾರ ಅಂತಸ್ತೂ ನಿಜವಾಗಿ ಬದಲಾಗುವುದಿಲ್ಲ ಅಂತ ಗೀರ್ಟ್ಸೇ ಬರೆದಿದ್ದಾರೆ, ಹಾಗಾದರೆ ಪಣಕ್ಕೆ ಇಟ್ಟದ್ದಾದರೂ ಏನು ಮೇಡಂ ಅಂತ ಕೇಳಿದಳು. ನನ್ನ ಹಾಳೆಯಲ್ಲಿ ಆ ಪ್ರಶ್ನೆ ಇರಲಿಲ್ಲ. ಮುಂದಿನ ವರ್ಷ ಇರುತ್ತದೆ.

ಹೆಂಗಸರ ಪ್ರಶ್ನೆಗೆ ಹುಡುಗಿಯರು ಜೋರಾಗಿ ಮಾತಾಡಿದರು. ದಾಳಿಯ ಕಥೆಯಲ್ಲಿ ಓಡಿ ಬಂದವರ ಎದುರು ಥಟ್ಟನೆ ಮೇಜು, ಚಹಾ ಇಟ್ಟು ಪೊಲೀಸರಿಂದ ಕಾಪಾಡಿದವಳೂ ಒಬ್ಬ ಹೆಂಗಸೇ ಅಲ್ವಾ, ಆಮೇಲೆ ಅವಳ ಸುದ್ದಿಯೇ ಇಲ್ಲವಲ್ಲ ಅಂತ ಒಬ್ಬಳು ತೋರಿಸಿದಳು. ಅಡಿಟಿಪ್ಪಣಿಗೆ ಹೊತ್ತು ಸಾಲಲಿಲ್ಲ. ಅದು ನನಗೆ ಬೇಸರ. ಆರು ಪ್ರಶ್ನೆಯೂ ಜಾಸ್ತಿಯೇ ಆಯಿತೇನೋ.

ಕೊಣಾಜೆ ಹಳಬ

ಚಹಾ ಕೊಟ್ಟ ಹೆಂಗಸನ್ನು ನಾನು ಈ ರೀತಿ ಎಂದೂ ನೋಡಿರಲಿಲ್ಲ. ಆ ಹುಡುಗಿಗೆ ಹೇಳಿ.

ಅಡಿಟಿಪ್ಪಣಿಯನ್ನು ಮುಂದಿನ ಶುಕ್ರವಾರದ ಮೊದಲ ಅರ್ಧ ಗಂಟೆಗೆ ಇಡಿ. ರೋಸ್‌ಬೆರಿಯನ್ನು ಅದರ ಜೊತೆಗೆ ಕೊಡಿ.

ಹೆಬ್ರಿ ಹೆಣ್ಮಗಳು

ಜೊತೆಗಾ, ಆಮೇಲಾ ಸರ್?

ಕೊಣಾಜೆ ಹಳಬ

ಮೊದಲು ಅಡಿಟಿಪ್ಪಣಿ ಓದಲಿ. ಹತ್ತು ನಿಮಿಷ ಬಿಟ್ಟು ಕೊಡಿ. ಇಷ್ಟು ಮಾತ್ರ ಬಿಟ್ಟುಕೊಡುತ್ತೇನೆ.